ಬೆಲೆ ಗೊತ್ತು, ಬಡ್ಡಿ ಎಷ್ಟು? ಅರ್ಧವಾರ್ಷಿಕ ಬಾಂಡ್‌ನ ಇಳುವರಿ ಹುಡುಕುವ ಬಗೆ

ಬಾಂಡ್‌ನ ಮೇಲೆ ಅಚ್ಚಾಗಿರುವ ಬಡ್ಡಿದರ ಬೇರೆ, ಅದನ್ನು ಕೊಂಡವರಿಗೆ ನಿಜವಾಗಿ ದಕ್ಕುವ ದರ ಬೇರೆ. ಮೊದಲನೆಯದು ಬಾಂಡ್ ಹೊರಬಂದ ದಿನವೇ ಗಟ್ಟಿಯಾಗುತ್ತದೆ, ಮತ್ತೆ ಬದಲಾಗುವುದಿಲ್ಲ. ಎರಡನೆಯದು ಆ ಬಾಂಡನ್ನು ಮಾರುಕಟ್ಟೆಯಲ್ಲಿ ಯಾವ ಬೆಲೆಗೆ ಕೊಂಡರು ಎಂಬುದರ ಮೇಲೆ ನಿಂತಿದೆ. ನೂರು ರೂಪಾಯಿಯ ಬಾಂಡ್ ತೊಂಬತ್ತಾರೂವರೆಗೆ ಸಿಕ್ಕಿತೆಂದರೆ ಬಡ್ಡಿಯ ಜೊತೆಗೆ ಮೂರೂವರೆ ರೂಪಾಯಿ ಮೇಲುಗಟ್ಟೂ ಬಂದಂತೆ. ಆದರೆ ಅದು ಕೈಗೆ ಬರುವುದು ಬಾಂಡ್ ಮುಗಿಯುವ ದಿನ. ಈ ಎರಡನ್ನೂ ಕೂಡಿಸಿ, ಹಣದ ಕಾಲಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದೇ ದರವಾಗಿ ಹೇಳಿದರೆ ಅದು ಅವಧಿ ಮುಕ್ತಾಯದ ಇಳುವರಿ. ಬ್ಯಾಂಕಿನವರೂ ಬ್ರೋಕರುಗಳೂ ಇದನ್ನು ವೈಟಿಎಂ ಎನ್ನುತ್ತಾರೆ.

ದರ ಗೊತ್ತಿದ್ದರೆ ಬೆಲೆ ಕಂಡುಹಿಡಿಯುವುದು ಸುಲಭ. ಬೆಲೆ ಗೊತ್ತಿದ್ದು ದರ ಹುಡುಕುವುದು ಕಷ್ಟ, ಅದಕ್ಕೆ ನೇರ ಸೂತ್ರವಿಲ್ಲ. ಒಂದು ದರವನ್ನು ಊಹಿಸಿ ಬೆಲೆ ಕಟ್ಟಿ ನೋಡಬೇಕು, ತಪ್ಪಿದರೆ ಇನ್ನೊಂದು ದರ ಹಿಡಿಯಬೇಕು, ಕೊನೆಗೆ ಎರಡು ಊಹೆಗಳ ನಡುವೆ ಉತ್ತರ ಎಲ್ಲಿದೆ ಎಂದು ಅಳೆಯಬೇಕು. ಊಹಿಸಿ ತಿದ್ದುವ ಈ ಜಾಣತನ ಹಳೆಯದು. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಇಷ್ಟಕರ್ಮ ಎಂಬ ಹೆಸರಿನಲ್ಲಿ ಇದೇ ಜಾತಿಯ ಲೆಕ್ಕವಿದೆ. ಅಲ್ಲಿಯ ಲೆಕ್ಕಗಳಲ್ಲಿ ಊಹೆಗೂ ಉತ್ತರಕ್ಕೂ ನೇರ ಅನುಪಾತವಿರುವುದರಿಂದ ಒಂದೇ ಊಹೆ ಸಾಕಾಗುತ್ತದೆ. ಬಾಂಡ್‌ನಲ್ಲಿ ಬೆಲೆಗೂ ದರಕ್ಕೂ ಇರುವ ನಂಟು ನೇರ ಗೆರೆಯಲ್ಲ, ಬಾಗಿದ ಗೆರೆ. ಹಾಗಾಗಿ ಕನಿಷ್ಠ ಎರಡು ಊಹೆ ಬೇಕು. ಬರುವ ಉತ್ತರವೂ ಕೂದಲೆಳೆಯಷ್ಟು ತಪ್ಪಿರುತ್ತದೆ. ಆ ತಪ್ಪು ಎಷ್ಟಿರಬಹುದು, ಯಾವ ಕಡೆಗಿರುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಈ ವಿಧಾನವನ್ನು ನಂಬಬಹುದು.

ಹತ್ತು ಕಂತಿನ ಒಂದು ಬಾಂಡ್

ಭಾರತ ಸರ್ಕಾರದ ದೀರ್ಘಾವಧಿ ಬಾಂಡ್‌ಗಳೂ ಕರ್ನಾಟಕವೂ ಸೇರಿದಂತೆ ರಾಜ್ಯ ಸರ್ಕಾರಗಳ ಅಭಿವೃದ್ಧಿ ಸಾಲಪತ್ರಗಳೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ. ಇವುಗಳ ಬೆಲೆಯನ್ನು ನೂರು ರೂಪಾಯಿ ಮುಖಬೆಲೆಗೆ ಇಷ್ಟು ಎಂದು ಹೇಳುವುದು ರೂಢಿ. ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ರೀಟೇಲ್ ಡೈರೆಕ್ಟ್ ಯೋಜನೆ ತೆರೆದ ಮೇಲೆ ಸಾಮಾನ್ಯರೂ ಇವನ್ನು ನೇರವಾಗಿ ಕೊಳ್ಳಬಹುದಾಗಿದೆ. ಹೀಗಾಗಿ ಬೆಲೆಯ ಪಕ್ಕದಲ್ಲಿ ಕಾಣುವ ಇಳುವರಿಯ ಅಂಕಿ ಎಲ್ಲಿಂದ ಬಂತೆಂದು ತಿಳಿಯುವ ಅಗತ್ಯ ಈಗ ಬ್ಯಾಂಕಿನವರಿಗಷ್ಟೇ ಸೀಮಿತವಾಗಿಲ್ಲ.

ಉದಾಹರಣೆಗೆ, ಶೇ 7ರ ಕೂಪನ್ ಇರುವ ಒಂದು ಸರ್ಕಾರಿ ಬಾಂಡ್ ಮುಗಿಯಲು ಸರಿಯಾಗಿ ಐದು ವರ್ಷ ಇದೆ ಎಂದುಕೊಳ್ಳೋಣ. ನೂರಕ್ಕೆ ಅದರ ಬೆಲೆ 96.50 ರೂಪಾಯಿ. ಈ ವರ್ಷದ ಏಳು ರೂಪಾಯಿ ಒಟ್ಟಿಗೆ ಬರುವುದಿಲ್ಲ, ಆರಾರು ತಿಂಗಳಿಗೆ 3.50ರಂತೆ ಎರಡು ಕಂತಾಗಿ ಬರುತ್ತದೆ. ಆದ್ದರಿಂದ ಲೆಕ್ಕ ಶುರುವಾಗುವ ಮೊದಲೇ ವರ್ಷವನ್ನು ಮರೆತು ಅರ್ಧವರ್ಷವನ್ನು ಅಳತೆಗೋಲು ಮಾಡಿಕೊಳ್ಳಬೇಕು. ಐದು ವರ್ಷ ಎಂದರೆ ಹತ್ತು ಅರ್ಧವರ್ಷ, ಕೂಪನ್ ಎಂದರೆ 3.50, ಹುಡುಕುವ ದರ ಎಂದರೆ ಅರ್ಧವರ್ಷದ ದರ. ಅದನ್ನು ಕೊನೆಯಲ್ಲಿ ಎರಡರಿಂದ ಗುಣಿಸಿದರೆ ವಾರ್ಷಿಕ ಇಳುವರಿ ಸಿಗುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸಬೇಕು. ಕಂತನ್ನು 3.50 ಮಾಡಿ ಅವಧಿಯನ್ನು ಐದಾಗಿಯೇ ಬಿಟ್ಟರೆ, ಅಥವಾ ಅವಧಿಯನ್ನು ಹತ್ತು ಮಾಡಿ ಕಂತನ್ನು 7 ಎಂದೇ ಬರೆದರೆ ಬೇರೆಯೇ ಒಂದು ಬಾಂಡ್‌ನ ಲೆಕ್ಕ ಮಾಡಿದಂತಾಗುತ್ತದೆ.

ಅರ್ಧವರ್ಷದ ದರ r ಎಂದಿಟ್ಟುಕೊಂಡರೆ ಬೆಲೆಯ ಸಮೀಕರಣ ಹೀಗಿರುತ್ತದೆ:

```
96.50 = 3.50/(1+r) + 3.50/(1+r)^2 + ... + 3.50/(1+r)^10 + 100/(1+r)^10
```

ಮುಂದೆ ಬರುವ ಪ್ರತಿ ರೂಪಾಯಿಯನ್ನೂ ಇಂದಿನ ಬೆಲೆಗೆ ಇಳಿಸಿ ಕೂಡಿಸಿದರೆ 96.50 ಬರಬೇಕು ಎಂಬುದೇ ಇದರ ಅರ್ಥ. r ಹತ್ತನೆಯ ಘಾತದವರೆಗೆ ಹೋಗಿರುವುದನ್ನು ಗಮನಿಸಬಹುದು. ಎರಡನೆಯ ಘಾತದ ಸಮೀಕರಣಕ್ಕೆ ಶಾಲೆಯಲ್ಲಿ ಕಲಿಯುವ ಸೂತ್ರವಿದೆ. ಐದನೆಯ ಘಾತದಿಂದ ಮೇಲಿನ ಎಲ್ಲ ಸಮೀಕರಣಗಳಿಗೂ ಅನ್ವಯಿಸುವ ಅಂಥ ಸೂತ್ರ ಸಾಧ್ಯವೇ ಇಲ್ಲ ಎಂದು ನಾರ್ವೆಯ ನೀಲ್ಸ್ ಅಬೆಲ್ 1824ರಲ್ಲಿ ಪ್ರಕಟಿಸಿದ ಸಾಧನೆಯಲ್ಲಿ ತೋರಿಸಿದ. ಸೂತ್ರ ಇಲ್ಲದಿದ್ದರೂ ಒಂದು ಸಮಾಧಾನವಿದೆ. ದರ ಏರಿದಂತೆಲ್ಲ ಬಲಗಡೆಯ ಪ್ರತಿ ಪದವೂ ಇಳಿಯುತ್ತಲೇ ಹೋಗುತ್ತದೆ, ಎಲ್ಲಿಯೂ ತಿರುಗಿ ಏರುವುದಿಲ್ಲ. ಆದ್ದರಿಂದ ಒಂದು ಬೆಲೆಗೆ ಒಂದೇ ಉತ್ತರ. ಊಹಿಸಿದ ದರದಲ್ಲಿ ಬೆಲೆ ಹೆಚ್ಚು ಬಂದರೆ ದರವನ್ನು ಏರಿಸಬೇಕು, ಕಡಿಮೆ ಬಂದರೆ ಇಳಿಸಬೇಕು. ಯಾವ ಕಡೆಗೆ ಹೋಗಬೇಕು ಎಂಬ ಗೊಂದಲಕ್ಕೆ ಇಲ್ಲಿ ಎಡೆಯಿಲ್ಲ.

ಮೊದಲ ಊಹೆ ಎಲ್ಲಿಂದ?

ಊಹೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕಲ್ಲು ಹೊಡೆಯಬೇಕಿಲ್ಲ. ಬೆಲೆಯೇ ಅರ್ಧ ಸುಳಿವು ಕೊಡುತ್ತದೆ. ಬಾಂಡ್ ನೂರಕ್ಕಿಂತ ಕಡಿಮೆಗೆ ಸಿಗುತ್ತಿದೆ ಎಂದರೆ ಇಳುವರಿ ಕೂಪನ್‌ಗಿಂತ ಹೆಚ್ಚು. ಏಳು ರೂಪಾಯಿಯನ್ನು 96.50ರಿಂದ ಭಾಗಿಸಿದರೆ ಶೇ 7.25 ಬರುತ್ತದೆ. ಇದರಲ್ಲಿ ಕೊನೆಯ ಮೂರೂವರೆ ರೂಪಾಯಿಯ ಲಾಭ ಸೇರಿಲ್ಲ, ಹಾಗಾಗಿ ಇಳುವರಿ ಇದಕ್ಕಿಂತಲೂ ಮೇಲಿರಬೇಕು.

ಇನ್ನೂ ಹತ್ತಿರ ಹೋಗಲು ಪರೀಕ್ಷೆಗೆ ಕೂರುವ ಕಾಮರ್ಸ್ ವಿದ್ಯಾರ್ಥಿಗಳು ಬಳಸುವ ಒಂದು ಅಂದಾಜಿದೆ. ಮೂರೂವರೆ ರೂಪಾಯಿ ಲಾಭವನ್ನು ಹತ್ತು ಕಂತಿಗೆ ಸಮನಾಗಿ ಹಂಚಿದರೆ ಕಂತಿಗೆ 0.35 ಆಗುತ್ತದೆ. ಅದನ್ನು 3.50ಕ್ಕೆ ಕೂಡಿಸಿದರೆ 3.85. ತೊಡಗಿಸಿದ ಹಣ 96.50ರಿಂದ ಶುರುವಾಗಿ 100ಕ್ಕೆ ಮುಗಿಯುವುದರಿಂದ ಅವೆರಡರ ಸರಾಸರಿ 98.25ರಿಂದ ಭಾಗಿಸಬೇಕು. ಬರುವ ಉತ್ತರ ಅರ್ಧವರ್ಷಕ್ಕೆ ಶೇ 3.92. ಕೊನೆಯಲ್ಲಿ ಒಮ್ಮೆಗೇ ಬರುವ ಲಾಭವನ್ನು ಪ್ರತಿ ಕಂತಿನಲ್ಲೂ ಬರುವಂತೆ ನಟಿಸುವುದರಿಂದ ಇದು ಅಂದಾಜು ಮಾತ್ರ. ಐದು ವರ್ಷದ, ನೂರರ ಆಸುಪಾಸಿನ ಬೆಲೆಯ ಬಾಂಡ್‌ಗೆ ಇದು ಚೆನ್ನಾಗಿಯೇ ಕೂರುತ್ತದೆ. ಅದೇ ಶೇ 7ರ ಕೂಪನ್‌ನ ಬಾಂಡ್‌ಗೆ ಮೂವತ್ತು ವರ್ಷ ಬಾಕಿಯಿದ್ದು ಬೆಲೆ 80 ರೂಪಾಯಿ ಇದ್ದರೆ ಇದೇ ಅಂದಾಜು ವರ್ಷಕ್ಕೆ ಶೇ 8.52 ಎನ್ನುತ್ತದೆ, ನಿಜವಾದ ಇಳುವರಿ ಶೇ 8.93. ಅಷ್ಟು ದೂರದ ಅಂಕಿಯನ್ನು ಉತ್ತರವೆಂದು ಬರೆಯುವಂತಿಲ್ಲ. ಊಹೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲು ಮಾತ್ರ ಬಳಸಬಹುದು.

ನಮ್ಮ ಬಾಂಡ್‌ಗೆ ಅಂದಾಜು 3.92 ಬಂದಿರುವುದರಿಂದ ಅದರ ಎರಡು ಬದಿಯ ಸಲೀಸಾದ ಅಂಕಿಗಳು 3.75 ಮತ್ತು 4. ಊಹೆಗಳು ಇವೇ.

ಬೆಲೆ ಕಟ್ಟುವ ಹತ್ತಿರದ ದಾರಿ

ಪ್ರತಿ ಊಹೆಗೂ ಹನ್ನೊಂದು ಪದಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿ ಕೂಡಿಸಬೇಕಿಲ್ಲ. ಮಾರುಕಟ್ಟೆ ಅರ್ಧವರ್ಷಕ್ಕೆ ನೂರಕ್ಕೆ 4 ರೂಪಾಯಿ ಕೇಳುತ್ತಿದೆ, ಬಾಂಡ್ ಕೊಡುವುದು 3.50 ಮಾತ್ರ ಎಂದುಕೊಳ್ಳೋಣ. ಅಂದರೆ ಪ್ರತಿ ಕಂತಿನಲ್ಲೂ 50 ಪೈಸೆ ಖೋತಾ. ಹತ್ತು ಕಂತುಗಳ ಈ ಖೋತಾದ ಇಂದಿನ ಬೆಲೆ ಎಷ್ಟೋ ಅಷ್ಟನ್ನು ಕೊಳ್ಳುವವರು ನೂರರಿಂದ ಕಳೆದು ಕೊಡುತ್ತಾರೆ. ಬಾಂಡ್ ನೂರಕ್ಕಿಂತ ಕಡಿಮೆಗೆ ಮಾರಾಟವಾಗುವುದು ಯಾಕೆ ಎಂಬುದಕ್ಕೆ ಇಷ್ಟು ಚುಟುಕಾದ ವಿವರಣೆ ಬೇರೆ ಇಲ್ಲ. ಸೂತ್ರವಾಗಿ ಬರೆದರೆ:

```
P = 100 - (r - 3.50) * A
A = (1 - v) / (r/100),   v = 1 / (1 + r/100)^10
```

ಇಲ್ಲಿ r ಶೇಕಡಾ ಲೆಕ್ಕದಲ್ಲಿದೆ. A ಎಂಬುದು ಹತ್ತು ಅರ್ಧವರ್ಷ ಕಂತಿಗೊಂದು ರೂಪಾಯಿ ಬಂದರೆ ಅದರ ಇಂದಿನ ಬೆಲೆ, ವರ್ತಮಾನ ಮೌಲ್ಯದ ಕೋಷ್ಟಕಗಳಲ್ಲಿ ಅಚ್ಚಾಗಿರುವ ಅಂಕಿ ಇದೇ. ಕೋಷ್ಟಕ ಕೈಯಲ್ಲಿಲ್ಲದಿದ್ದರೆ ಅಂಗಡಿಯ ಮಾಮೂಲಿ ಕ್ಯಾಲ್ಕುಲೇಟರ್ ಸಾಕು. ಜಿಟಿ ಗುಂಡಿ ಇರುವ ಯಂತ್ರದಲ್ಲಿ 1 ÷ 1.04 ಒತ್ತಿ, = ಗುಂಡಿಯನ್ನು ಹತ್ತು ಸಲ ಒತ್ತಿದರೆ ಪರದೆಯ ಮೇಲೆ 0.67556 ಬಂದು ನಿಲ್ಲುತ್ತದೆ. ಅದು v. ಆಮೇಲೆ ಜಿಟಿ ಒತ್ತಿದರೆ ಹತ್ತು ಉತ್ತರಗಳ ಮೊತ್ತ 8.1109 ಕಾಣುತ್ತದೆ. ಅದು A. ಹಿಂದಿನ ಲೆಕ್ಕದ ಮೊತ್ತ ಜಿಟಿಯಲ್ಲಿ ಉಳಿದುಕೊಂಡಿದ್ದರೆ ಉತ್ತರ ಕೆಡುತ್ತದೆ, ಮೊದಲು ಅದನ್ನು ಅಳಿಸಿಕೊಳ್ಳಬೇಕು. ಜಿಟಿ ಇಲ್ಲದಿದ್ದರೆ 1ರಿಂದ v ಕಳೆದು 0.04ರಿಂದ ಭಾಗಿಸಿದರೂ ಅದೇ 8.1109.

ಶೇ 4ರಲ್ಲಿ ಬೆಲೆ ಎಂದರೆ 100ರಿಂದ 0.50 × 8.1109, ಅಂದರೆ 4.0554 ಕಳೆದರೆ 95.9446. ಬೇಕಾದ 96.50ಕ್ಕಿಂತ ಇದು ಕಡಿಮೆ, ಹಾಗಾದರೆ ದರ ಹೆಚ್ಚಾಯಿತು. ಶೇ 3.75ರಲ್ಲಿ A 8.2128 ಆಗುತ್ತದೆ. ಖೋತಾ ಕಂತಿಗೆ 25 ಪೈಸೆ, ಅದರ ಇಂದಿನ ಬೆಲೆ 2.0532, ಬಾಂಡ್‌ನ ಬೆಲೆ 97.9468. ಇದು 96.50ಕ್ಕಿಂತ ಹೆಚ್ಚು. ಉತ್ತರ ಈ ಎರಡು ದರಗಳ ನಡುವೆ ಸಿಕ್ಕಿಬಿದ್ದಿದೆ.

ಇಲ್ಲಿಂದ ಮುಂದಿನದೇ ಇಂಟರ್‌ಪೊಲೇಷನ್. ದರ 3.75ರಿಂದ 4ಕ್ಕೆ, ಅಂದರೆ 0.25 ಏರಿದಾಗ ಬೆಲೆ 97.9468ರಿಂದ 95.9446ಕ್ಕೆ, ಅಂದರೆ 2.0022 ಇಳಿಯಿತು. ನಮಗೆ ಬೇಕಿರುವುದು 97.9468ರಿಂದ 96.50ರವರೆಗಿನ ಇಳಿತ ಮಾತ್ರ, ಅದು 1.4468. ಇಳಿತ ಉದ್ದಕ್ಕೂ ಒಂದೇ ಸಮನಾಗಿದೆ ಎಂದು ಒಪ್ಪಿಕೊಂಡರೆ ತ್ರೈರಾಶಿಯಲ್ಲಿ ಕೆಲಸ ಮುಗಿಯುತ್ತದೆ:

```
r = 3.75 + 0.25 * (1.4468 / 2.0022) = 3.9306
```

ಎರಡರಿಂದ ಗುಣಿಸಿದರೆ ವರ್ಷಕ್ಕೆ ಶೇ 7.861. ಈ ಹೆಜ್ಜೆಯಲ್ಲಿ ಪದೇಪದೇ ಆಗುವ ತಪ್ಪೆಂದರೆ ಯಾವ ದರದಿಂದ ಹೊರಟೆವೋ ಅದರ ಬೆಲೆಯ ಬದಲು ಇನ್ನೊಂದು ತುದಿಯ ಬೆಲೆಯಿಂದ ವ್ಯತ್ಯಾಸ ತೆಗೆಯುವುದು. ಹಾಗೆ ಮಾಡಿದರೆ 3.82ರ ಆಸುಪಾಸಿನ ಅಂಕಿ ಬರುತ್ತದೆ. ಅದೂ ಎರಡು ಊಹೆಗಳ ನಡುವೆಯೇ ಇರುವುದರಿಂದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಒಂದು ಕಣ್ಣಳತೆ ಇದನ್ನು ಹಿಡಿದುಕೊಡುತ್ತದೆ. ಬೇಕಾದ ಬೆಲೆ 96.50 ಇರುವುದು 97.95ಕ್ಕಿಂತ 95.94ಕ್ಕೆ ಹತ್ತಿರ, ಹಾಗಾಗಿ ದರವೂ 3.75ಕ್ಕಿಂತ 4ಕ್ಕೆ ಹತ್ತಿರವಿರಬೇಕು.

ತಪ್ಪು ಎಷ್ಟು, ಯಾವ ಕಡೆಗೆ

ಬಂದ ಉತ್ತರವನ್ನು ಮತ್ತೆ ಸೂತ್ರಕ್ಕೆ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. 3.9306ರಲ್ಲಿ ಬೆಲೆ 96.495 ಬರುತ್ತದೆ, ಬೇಕಾದುದಕ್ಕಿಂತ ಅರ್ಧ ಪೈಸೆ ಕಡಿಮೆ. ಸರಿಯಾದ ಉತ್ತರ 3.9300. ಆ ದರದಲ್ಲಿ ಬೆಲೆ 96.5001. ಹಾಗಾಗಿ ಇಳುವರಿ ವರ್ಷಕ್ಕೆ ಶೇ 7.86.

ಅರ್ಧ ಪೈಸೆ ಕಡಿಮೆ ಬಂದದ್ದು ಆಕಸ್ಮಿಕವಲ್ಲ. ದರ 3.50ರಿಂದ 4ಕ್ಕೆ ಏರಿದಾಗ ಈ ಬಾಂಡ್‌ನ ಬೆಲೆ 4.06 ರೂಪಾಯಿ ಇಳಿಯುತ್ತದೆ. 4ರಿಂದ 4.50ಕ್ಕೆ ಏರಿದಾಗ ಇಳಿಯುವುದು 3.86 ಮಾತ್ರ. ಮೊದಮೊದಲು ಜೋರಾಗಿ ಇಳಿದು ಆಮೇಲಾಮೇಲೆ ನಿಧಾನವಾಗುವ ಗೆರೆ ಅದು, ಕೆಳಕ್ಕೆ ಜೋತುಬಿದ್ದಿರುತ್ತದೆ. ಇಂಟರ್‌ಪೊಲೇಷನ್ ಎರಡು ತುದಿಗಳನ್ನು ನೇರ ಗೆರೆಯಿಂದ ಜೋಡಿಸುತ್ತದೆ, ಆ ನೇರ ಗೆರೆ ನಿಜವಾದ ಗೆರೆಗಿಂತ ಮೇಲೆಯೇ ಇರುತ್ತದೆ. ಆದ್ದರಿಂದ 96.50ರ ಮಟ್ಟವನ್ನು ಅದು ಸ್ವಲ್ಪ ತಡವಾಗಿ, ಸ್ವಲ್ಪ ಹೆಚ್ಚಿನ ದರದಲ್ಲಿ ಮುಟ್ಟುತ್ತದೆ. ಎರಡು ಊಹೆಗಳ ನಡುವೆ ಉತ್ತರವಿದ್ದರೆ ಇಂಟರ್‌ಪೊಲೇಷನ್ ಕೊಡುವ ಇಳುವರಿ ಯಾವಾಗಲೂ ನಿಜಕ್ಕಿಂತ ತುಸು ಹೆಚ್ಚು. ಎರಡೂ ಊಹೆಗಳು ಒಂದೇ ಬದಿಯಲ್ಲಿದ್ದು ಗೆರೆಯನ್ನು ಹೊರಕ್ಕೆ ಎಳೆದರೆ ತಪ್ಪು ಇನ್ನೊಂದು ಕಡೆಗೆ ಬೀಳುತ್ತದೆ. 4 ಮತ್ತು 4.50 ಎರಡನ್ನು ಹಿಡಿದು ಲೆಕ್ಕ ಹಾಕಿದರೆ 3.928 ಬರುವುದು ಇದೇ ಕಾರಣಕ್ಕೆ.

ತಪ್ಪಿನ ಗಾತ್ರವನ್ನು ನಿರ್ಧರಿಸುವುದು ಊಹೆಗಳ ನಡುವಿನ ಅಂತರ. ಇದೇ ಬಾಂಡ್‌ಗೆ ಶೇ 3 ಮತ್ತು ಶೇ 5 ಎಂದು ದೂರದೂರದ ದರಗಳನ್ನು ಹಿಡಿದರೆ ಬೆಲೆಗಳು 104.27 ಮತ್ತು 88.42 ಬರುತ್ತವೆ. ಇಂಟರ್‌ಪೊಲೇಷನ್ ಮಾಡಿದರೆ ವಾರ್ಷಿಕ ಇಳುವರಿ 7.96, ಅಂದರೆ ಹತ್ತು ಬೇಸಿಸ್ ಪಾಯಿಂಟ್ ಹೆಚ್ಚು. ಅಂತರವನ್ನು ಅರ್ಧಕ್ಕಿಳಿಸಿ 3.50 ಮತ್ತು 4.50 ಹಿಡಿದರೆ 7.885 ಬರುತ್ತದೆ, ತಪ್ಪು ಎರಡೂವರೆ ಪಾಯಿಂಟ್‌ಗೆ ಇಳಿಯಿತು. ಅಂತರ ಅರ್ಧವಾದಾಗ ತಪ್ಪು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುವುದು ಈ ವಿಧಾನದ ಗುಣ. 3.75 ಮತ್ತು 4ರ ನಡುವೆ ತಪ್ಪು ಒಂದು ಪಾಯಿಂಟ್‌ನ ಎಂಟನೆಯ ಒಂದು ಭಾಗ ಮಾತ್ರ. ಪಠ್ಯಪುಸ್ತಕಗಳಲ್ಲಿ ಶೇ 3, ಶೇ 5 ಎಂಬ ಪೂರ್ಣಾಂಕಗಳನ್ನೇ ಹಿಡಿಯುವ ಚಾಳಿ ಕೋಷ್ಟಕಗಳ ಕಾಲದಿಂದ ಉಳಿದುಕೊಂಡದ್ದು. ಕೋಷ್ಟಕದಲ್ಲಿ ಇಲ್ಲದ ದರವನ್ನು ಊಹಿಸಿ ಆಗ ಪ್ರಯೋಜನವಿರಲಿಲ್ಲ. ಕ್ಯಾಲ್ಕುಲೇಟರ್ ಇರುವಾಗ ಆ ಕಟ್ಟುಪಾಡು ಬೇಕಿಲ್ಲ. ಹೆಚ್ಚು ನಿಖರತೆ ಬೇಕಾದರೆ 3.93 ಮತ್ತು 3.94 ಎಂಬ ಹೊಸ ಊಹೆಗಳನ್ನು ಹಿಡಿದು ಇನ್ನೊಂದು ಸುತ್ತು ಹಾಕಿದರಾಯಿತು.

ಉತ್ತರವನ್ನು ಪರೀಕ್ಷಿಸಲು ಇನ್ನೊಂದು ಬಗೆಯೂ ಇದೆ, ಇಳುವರಿ ಎಂದರೆ ಏನೆಂಬುದನ್ನು ಕಣ್ಣಿಗೆ ಕಾಣಿಸುವ ಬಗೆ ಅದು. 96.50 ರೂಪಾಯಿಯನ್ನು ಸಾಲದ ಖಾತೆಯಂತೆ ಬರೆದಿಡಬೇಕು. ಮೊದಲ ಆರು ತಿಂಗಳಿಗೆ ಶೇ 3.93ರಂತೆ 3.79 ರೂಪಾಯಿ ಬಡ್ಡಿ ಸೇರುತ್ತದೆ. ಕೈಗೆ ಬಂದದ್ದು 3.50. ಉಳಿದ 29 ಪೈಸೆ ಅಸಲಿಗೆ ಸೇರಿ ಬಾಕಿ 96.79 ಆಗುತ್ತದೆ. ಮುಂದಿನ ಆರು ತಿಂಗಳ ಬಡ್ಡಿ 3.80, ಬಾಕಿ 97.10. ಹೀಗೆ ಬಾಕಿ ಮೆಲ್ಲಗೆ ಏರುತ್ತ ಒಂಬತ್ತನೆಯ ಕಂತಿನ ನಂತರ 99.59ಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಕೊನೆಯ ಬಡ್ಡಿ 3.91 ಸೇರಿದರೆ 103.50. ಕೊನೆಯ ದಿನ ಸರ್ಕಾರ ಕೊಡುವ ಅಸಲು ಮತ್ತು ಕೂಪನ್ ಕೂಡ ಅಷ್ಟೇ. ಖಾತೆ ಚುಕ್ತಾ ಆದರೆ ದರ ಸರಿಯಿದೆ.

ಕಂತಿನ ನಡುವೆ ಕೊಂಡಾಗ

ಕೂಪನ್ ಬರುವ ದಿನವೇ ಬಾಂಡ್ ಕೊಳ್ಳುವವರು ಅಪರೂಪ. ಕಂತಿನ ನಡುವೆ ಕೊಂಡರೆ ಹಿಂದಿನ ಕೂಪನ್ ದಿನದಿಂದ ಅಲ್ಲಿಯವರೆಗೆ ಕೂಡಿಕೊಂಡ ಬಡ್ಡಿಯನ್ನು ಮಾರುವವರಿಗೆ ಕೊಡಬೇಕು. ತೆರೆಯ ಮೇಲೆ ಕಾಣುವ ಬೆಲೆಯಲ್ಲಿ ಈ ಬಡ್ಡಿ ಸೇರಿರುವುದಿಲ್ಲ. ಇಳುವರಿಯ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪುಗಳು ಹುಟ್ಟುವುದು ಇಲ್ಲಿಯೇ.

ಹಿಂದಿನ ಕೂಪನ್ ದಿನಕ್ಕೆ ಈ ಬಾಂಡ್‌ಗೆ ಐದು ವರ್ಷ ಬಾಕಿಯಿತ್ತು, ಈಗ ಅದರಿಂದ ಎರಡು ತಿಂಗಳು ಕಳೆದಿದೆ, ತೋರಿಸುವ ಬೆಲೆ ಮಾತ್ರ ಅದೇ 96.50 ಎಂದುಕೊಳ್ಳೋಣ. ಸರ್ಕಾರಿ ಬಾಂಡ್‌ಗಳಿಗೆ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಎಂದು ಎಣಿಸುವುದು ನಮ್ಮ ದೇಶದ ಪದ್ಧತಿ. ಆ ಪ್ರಕಾರ 180ರಲ್ಲಿ 60 ದಿನ ಕಳೆದಿದೆ, ಕೂಡಿಕೊಂಡ ಬಡ್ಡಿ 3.50ರ ಮೂರನೆಯ ಒಂದು ಭಾಗ, ಅಂದರೆ 1.17. ಕೊಳ್ಳುವವರ ಕೈಬಿಡುವ ಹಣ 97.67. ಇನ್ನೊಂದು ಕಡೆ, ಹಿಂದಿನ ಕೂಪನ್ ದಿನಕ್ಕೆ ಕಟ್ಟಿದ ಬೆಲೆಯನ್ನು ಈಗಿನವರೆಗೆ ಮೂರನೆಯ ಒಂದು ಅರ್ಧವರ್ಷದಷ್ಟು ಮುಂದಕ್ಕೆ ತರಬೇಕು. ಅದಕ್ಕೆ (1+r)^(1/3) ಇಂದ ಗುಣಿಸಿದರೆ ಸಾಕು. ಶೇ 3.93ರಲ್ಲಿ 96.5001 ಹೀಗೆ 97.748 ಆಗುತ್ತದೆ, ಶೇ 4ರಲ್ಲಿ 95.9446 ಏರಿ 97.207 ಆಗುತ್ತದೆ. ಬೇಕಾದ 97.667 ಇವೆರಡರ ನಡುವೆ ಇದೆ. ಮೊದಲಿನಂತೆಯೇ ತ್ರೈರಾಶಿ ಹಾಕಿದರೆ 3.9405, ವರ್ಷಕ್ಕೆ ಶೇ 7.88.

ಕೂಡಿಕೊಂಡ ಬಡ್ಡಿಯನ್ನು ಮರೆತು 96.50ನ್ನೇ ಕೊಟ್ಟ ಪೂರ್ತಿ ಹಣವೆಂದು ಹಿಡಿದರೆ ಇದೇ ಲೆಕ್ಕ ಶೇ 8.18 ತೋರಿಸುತ್ತದೆ. ಮೂವತ್ತು ಪಾಯಿಂಟ್ ಇಳುವರಿ ಗಾಳಿಯಿಂದ ಹುಟ್ಟಿತು! ಇದೇ ಅವಧಿಯ ಬೇರೆ ಬಾಂಡ್‌ಗಳಿಗಿಂತ ಒಂದರ ಇಳುವರಿ ಎದ್ದು ಕಾಣುವಷ್ಟು ಹೆಚ್ಚು ಬಂದರೆ ಅಗ್ಗದ ಬಾಂಡ್ ಸಿಕ್ಕಿತೆಂದು ಹಿಗ್ಗುವ ಮೊದಲು ಈ ಬಡ್ಡಿ ಸೇರಿದೆಯೇ ಎಂದು ನೋಡುವುದು ಲೇಸು.

ಕಂಪ್ಯೂಟರ್ ಇರುವವರು ಎಕ್ಸೆಲ್‌ನಲ್ಲಿ ಇದನ್ನು ಸರಿನೋಡಬಹುದು. ಮೊದಲ ಸಾಲು ಕೂಪನ್ ದಿನವೇ ಕೊಂಡ ಲೆಕ್ಕ, ಎರಡನೆಯದು ಎರಡು ತಿಂಗಳ ನಂತರದ್ದು. ದಿನಾಂಕಗಳು ಉದಾಹರಣೆಗೆ ಮಾತ್ರ.

```
=RATE(10, 3.5, -96.5, 100)*2
=YIELD(DATE(2026,3,15), DATE(2031,1,15), 7%, 96.5, 100, 2, 4)
```

ಮೊದಲನೆಯದು 0.0786 ಕೊಡುತ್ತದೆ, ಎರಡನೆಯದು 0.0788. YIELDಗೆ ಬಡ್ಡಿ ಸೇರದ 96.5ನ್ನೇ ಕೊಡಬೇಕು, ಬಡ್ಡಿಯನ್ನು ಅದು ತಾನೇ ಸೇರಿಸಿಕೊಳ್ಳುತ್ತದೆ. ಕೊನೆಯ 2 ವರ್ಷಕ್ಕೆ ಎರಡು ಕಂತು ಎನ್ನುತ್ತದೆ, 4 ಮೂವತ್ತು ದಿನದ ತಿಂಗಳ ಲೆಕ್ಕ. ಈ ಯಂತ್ರದೊಳಗೂ ಸೂತ್ರವಿಲ್ಲ, ಊಹಿಸಿ ತಿದ್ದುವುದೇ ನಡೆಯುತ್ತದೆ. RATE ಇಪ್ಪತ್ತು ಸುತ್ತಿನಲ್ಲಿ ಒಂದು ಉತ್ತರದತ್ತ ಕೂಡಿಕೊಳ್ಳದಿದ್ದರೆ `#NUM!` ಎಂದು ಕೈಚೆಲ್ಲುತ್ತದೆ. ಬೆಲೆಗೆ ಮೈನಸ್ ಚಿಹ್ನೆ ಹಾಕಲು ಮರೆತರೂ ಅದೇ ಸಂದೇಶ ಬರಬಹುದು.

ಒಂದೇ ಬಾಂಡ್, ಬೇರೆಬೇರೆ ಅಂಕಿ

ಇಳುವರಿ ಶೇ 7.86 ಎಂದಾಗ ಅದು ಅರ್ಧವರ್ಷದ 3.93ರ ಇಮ್ಮಡಿ. ಮೊದಲ ಅರ್ಧವರ್ಷದ ಬಡ್ಡಿಯ ಮೇಲೆ ಎರಡನೆಯ ಅರ್ಧವರ್ಷದಲ್ಲಿ ಬರುವ ಬಡ್ಡಿಯನ್ನೂ ಸೇರಿಸಿದರೆ 1.0393ರ ವರ್ಗ 1.0801, ಅಂದರೆ ವರ್ಷಕ್ಕೆ ಶೇ 8.01. ಎರಡೂ ಸರಿ. ಬಾಂಡ್ ಮಾರುಕಟ್ಟೆಯಲ್ಲಿ ಹೇಳುವುದು ಮೊದಲನೆಯದನ್ನು. ವರ್ಷಕ್ಕೊಮ್ಮೆ ಮಾತ್ರ ಬಡ್ಡಿ ಕೊಡುವ ಇನ್ನೊಂದು ಹೂಡಿಕೆಯ ಜೊತೆ ಹೋಲಿಸುವಾಗ ಎರಡನೆಯದನ್ನು ಬಳಸಬೇಕು. ಕಂತುಗಳನ್ನು ಕಡೆಗಣಿಸಿ, ವರ್ಷಕ್ಕೊಮ್ಮೆ ಏಳು ರೂಪಾಯಿ ಬರುತ್ತದೆಂದು ಐದು ಅವಧಿಯ ಲೆಕ್ಕ ಮಾಡಿದರೆ 7.87 ಬರುತ್ತದೆ. ಅದು ಎರಡೂ ಅಲ್ಲ. 7.86ಕ್ಕೆ ಇಷ್ಟು ಹತ್ತಿರ ಬಂದುಬಿಡುವುದರಿಂದ ತಪ್ಪೆಂದು ಗೊತ್ತಾಗುವುದೂ ಕಷ್ಟ.

ಇಳುವರಿ ಕೈಗೆ ಸಿಕ್ಕೇ ಸಿಗುವ ದರವೂ ಅಲ್ಲ. ಬಂದ ಪ್ರತಿ 3.50 ರೂಪಾಯಿಯನ್ನೂ ಮತ್ತೆ ಶೇ 3.93ಕ್ಕೇ ತೊಡಗಿಸುತ್ತ ಹೋದರೆ ಮಾತ್ರ ಐದು ವರ್ಷದ ಒಟ್ಟು ಗಳಿಕೆ ಶೇ 7.86ರ ಲೆಕ್ಕಕ್ಕೆ ಕೂರುತ್ತದೆ. ಈ ನಡುವೆ ಬಡ್ಡಿದರ ಇಳಿದು ಕೂಪನ್‌ಗಳು ಅರ್ಧವರ್ಷಕ್ಕೆ ಶೇ 3ಕ್ಕೆ ಮಾತ್ರ ದುಡಿದವು ಎಂದುಕೊಳ್ಳೋಣ. ಹತ್ತು ಕೂಪನ್ ಮತ್ತು ಅವುಗಳ ಬಡ್ಡಿ ಸೇರಿ 40.12, ಅಸಲು 100, ಒಟ್ಟು 140.12 ರೂಪಾಯಿ ಕೈಯಲ್ಲಿರುತ್ತದೆ. 96.50 ಹತ್ತು ಅರ್ಧವರ್ಷದಲ್ಲಿ ಅಷ್ಟಾಗಬೇಕಾದರೆ ಬೇಕಾದ ದರ 3.80, ವರ್ಷಕ್ಕೆ ಶೇ 7.60. ಕೊಂಡ ದಿನ ಕಂಡ ಅಂಕಿಗಿಂತ ಇದು ಕಾಲು ಶೇಕಡಾ ಕಡಿಮೆ. ಕೂಪನ್ ಖರ್ಚು ಮಾಡಿಬಿಡುವವರಿಗೆ ಈ ಲೆಕ್ಕ ಹತ್ತುವುದಿಲ್ಲ, ಉಳಿಸಿ ಬೆಳೆಸುವವರಿಗೆ ಹತ್ತುತ್ತದೆ.

ಬಾಂಡ್ ಹೊರಡಿಸಿದವರಿಗೆ ಅವಧಿಗೆ ಮುಂಚೆಯೇ ಹಣ ಹಿಂದಿರುಗಿಸುವ ಹಕ್ಕಿದ್ದರೆ ಕಂತುಗಳ ಸಂಖ್ಯೆಯೇ ಅನಿಶ್ಚಿತವಾಗುತ್ತದೆ. ಬ್ಯಾಂಕ್‌ಗಳು ಮತ್ತು ಕಂಪನಿಗಳು ಹೊರಡಿಸುವ ಕೆಲವು ಬಾಂಡ್‌ಗಳಲ್ಲಿ ಇಂಥ ಹಕ್ಕು ಇರುತ್ತದೆ. ಶೇ 7ರ ಅಂಥದೊಂದು ಬಾಂಡನ್ನು 104.27ಕ್ಕೆ ಕೊಂಡರೆ ಐದು ವರ್ಷದ ಲೆಕ್ಕದಲ್ಲಿ ಇಳುವರಿ ಶೇ 6. ಎರಡು ವರ್ಷಕ್ಕೇ ನೂರು ರೂಪಾಯಿ ಕೊಟ್ಟು ವಾಪಸ್ ಪಡೆದರೆ ಕಂತು ನಾಲ್ಕೇ ಸಿಗುತ್ತದೆ, ಹೆಚ್ಚಾಗಿ ಕೊಟ್ಟ ನಾಲ್ಕು ಚಿಲ್ಲರೆ ರೂಪಾಯಿಯ ನಷ್ಟವೆಲ್ಲ ಆ ನಾಲ್ಕರ ಮೇಲೇ ಬೀಳುತ್ತದೆ. ಇಲ್ಲೂ ವಿಧಾನ ಅದೇ, A ಮಾತ್ರ ನಾಲ್ಕು ಕಂತಿನದು. ಶೇ 2.30ರಲ್ಲಿ ಬೆಲೆ 104.54, ಶೇ 2.40ರಲ್ಲಿ 104.15. ಇಂಟರ್‌ಪೊಲೇಷನ್ ಕೊಡುವ ಅರ್ಧವರ್ಷದ ದರ 2.37, ವರ್ಷಕ್ಕೆ ಶೇ 4.74. ನೂರಕ್ಕಿಂತ ಹೆಚ್ಚು ಬೆಲೆಯ ಇಂಥ ಬಾಂಡ್ ಕೊಳ್ಳುವ ಮೊದಲು ಎರಡೂ ದಿನಾಂಕಗಳಿಗೆ ಲೆಕ್ಕ ಹಾಕಿ, ಕಡಿಮೆ ಬಂದ ಅಂಕಿಯನ್ನೇ ನಂಬುವುದು ಬಾಂಡ್ ವ್ಯವಹಾರದವರ ಪದ್ಧತಿ.